ಮಂಡಿಯಲ್ಲಿ ಕಳೆಯದ ಮೂರು ವರ್ಷ

ಮಲ್ಲೇಶ್ವರಂನ ನಮ್ಮ ಪುಟ್ಟ ಕೊರಿಯರ್ ಆಫೀಸಿಗೆ ಇಂಟರ್‌ವ್ಯೂಗೆ ಬಂದಿದ್ದವಳು ಯಶಶ್ರೀ. ಡಿಗ್ರಿ ಆದ ಮೇಲಿನ ಮೂರು ವರ್ಷಕ್ಕೆ ರೆಸ್ಯೂಮೆಯಲ್ಲಿ 'ಮಾವನ ತರಕಾರಿ ಮಂಡಿಯಲ್ಲಿ ಕೆಲಸ' ಅಂತಿತ್ತು. ನಾನು ತರಕಾರಿ ಮಾರುವವರ ಮನೆಯಲ್ಲೇ ಹುಟ್ಟಿದವನು. ಕುತೂಹಲ ತಡೆಯಲಾಗಲಿಲ್ಲ.

"ಮಂಡಿಗೆ ಲೋಡು ಎಷ್ಟು ಗಂಟೆಗೆ ಬರ್ತಿತ್ತು?"

"ಬೆಳಗ್ಗೆ ಹತ್ತಕ್ಕೆ ಸರ್."

ಹತ್ತು ಗಂಟೆಗೆ ಮಂಡಿಯೇ ಖಾಲಿಯಾಗಿರುತ್ತೆ! ನಾನು ನಕ್ಕುಬಿಟ್ಟೆ. ಅವಳು ತಲೆ ತಗ್ಗಿಸಿದಳು.

"ಕೆಎಎಸ್‌ಗೆ ಓದ್ತಿದ್ದೆ ಸರ್. ಪ್ರಿಲಿಮ್ಸ್ ಪಾಸಾಯ್ತು, ಮೇನ್ಸ್‌ನಲ್ಲಿ ಹೋಯ್ತು. ದಿನಾ ಮೂರು ಗಂಟೆ ಗಡಿಯಾರ ಇಟ್ಕೊಂಡು ಉತ್ತರ ಬರೀತಿದ್ದೆ."

"ಅದನ್ನೇ ಹಾಕ್ಬೇಕಿತ್ತಲ್ಲಮ್ಮ!"

"ಹಾಕಿದ ಕಡೆಯೆಲ್ಲ, 'ಸರ್ಕಾರಿ ಕೆಲಸ ಸಿಕ್ರೆ ಬಿಟ್ಟು ಹೋಗ್ತೀರಾ?' ಅಂತ ಕೇಳಿ ಕಳಿಸಿಬಿಟ್ರು ಸರ್."

ನನ್ನ ನಾಲಿಗೆ ತುದಿಯಲ್ಲೂ ಅದೇ ಪ್ರಶ್ನೆ ಇತ್ತು. ಕೇಳಿಯೇಬಿಟ್ಟೆ.

ಈ ಸಲ ಅವಳು ತಲೆ ಎತ್ತಿ ನೋಡಿದಳು. "ಸಿಕ್ರೆ ಹೋಗ್ತೀನಿ ಸರ್. ಆದ್ರೆ ಒಂದು ತಿಂಗಳು ಮುಂಚೆ ಹೇಳಿ ಹೋಗ್ತೀನಿ. ಈ ಸೀಟಲ್ಲಿ ಮೊದಲು ಇದ್ದೋರು ಹೇಳಿ ಹೋದ್ರಾ?"

ಆ ಸೀಟಿನಲ್ಲಿದ್ದವನು ಹೋಗಿ ಎರಡು ತಿಂಗಳಾಯ್ತು. ಫೋನು ಇವತ್ತಿಗೂ ಸ್ವಿಚ್ ಆಫ್.