ನಾಣಿಯವರ ಪೆಟ್ಟಿಗೆ ವರದಿ

ಪೀಣ್ಯದ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ನಾರಾಯಣ ಅವರನ್ನು ಅಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಎದುರಿಗೆ ನಾಣಿ ಸಾರ್, ಬೆನ್ನ ಹಿಂದೆ ರಿಜೆಕ್ಟ್ ನಾಣಿ. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಎಣಿಸಿ, ಅಳೆದು, ಡ್ರಾಯಿಂಗಿನ ಜೊತೆ ಹೋಲಿಸಿ ಒಪ್ಪುವುದೋ ತಿರಸ್ಕರಿಸುವುದೋ ಅವರ ಕೆಲಸ. ಒಪ್ಪಿದ ದಿನ ಅವರು ಮಂಕಾಗಿರುತ್ತಿದ್ದರು. ಒಂದು ತಪ್ಪು ಸಿಕ್ಕಿತೆಂದರೆ ಕ್ಯಾಂಟೀನಿನಲ್ಲಿ ಅವತ್ತು ಎರಡು ಕಾಫಿ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ತಿರಸ್ಕರಿಸಲು ಉಳಿದದ್ದು ಹೆಂಡತಿ ವತ್ಸಲಾ ಮಾಡಿದ ಸಾರು ಮಾತ್ರ. ಆ ಕೆಲಸ ಅಪಾಯದ್ದು ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಹಾಗಾಗಿ ಅವರು ಯೂಟ್ಯೂಬಿನಲ್ಲಿ ‘ಪೆಟ್ಟಿಗೆ ವರದಿ’ ಎಂಬ ಚಾನೆಲ್ ತೆರೆದರು. ದಾಸರಹಳ್ಳಿಯಲ್ಲಿ ಗೃಹೋಪಯೋಗಿ ಸಾಮಾನಿನ ಅಂಗಡಿ ಇಟ್ಟಿರುವ ಮುನಿಕೃಷ್ಣ ಹೊಸ ಸರಕು ಬಂದಾಗೆಲ್ಲ ಒಂದು ಸೀಲು ಒಡೆಯದ ಪೆಟ್ಟಿಗೆ ಕಳಿಸುವುದು. ಇವರು ಮೊಬೈಲಿನ ಮುಂದೆ ಅದನ್ನು ಬಿಚ್ಚಿ ತೋರಿಸುವುದು. ಆಮೇಲೆ ಅದು ಅಂಗಡಿಯಲ್ಲಿ ಪ್ರದರ್ಶನಕ್ಕೆ ಕೂರುವುದು. ಮೊಬೈಲು ಹಿಡಿಯುವ ಕೆಲಸ ವತ್ಸಲಾ ಅವರದು. ವಿಡಿಯೋಗಳನ್ನು ನೋಡುವವರು ನಲವತ್ತು ಜನ. ಅದರಲ್ಲಿ ಹತ್ತು ಜನ ನೆಂಟರು.

ನೋಡುವವರು ಕಡಿಮೆ ಇರಬಹುದು, ಆದರೆ ವಿಡಿಯೋದ ಶೀರ್ಷಿಕೆ, ಕೆಳಗಿನ ವಿವರಣೆ ಎರಡರಲ್ಲೂ ಶಿಸ್ತು ಬಿಡಬಾರದು ಎಂಬುದು ನಾಣಿಯವರ ಹಟ. ಶೀರ್ಷಿಕೆಯಲ್ಲಿ ಮೊದಲು ಸಾಮಾನಿನ ಹೆಸರು, ಆಮೇಲೆ ಯಾವ ಮಾದರಿ, ಆಮೇಲೆ ಬೆಲೆ. ಬೆಲೆಯನ್ನೂ ಒಂದೇ ಅಂಕಿಯಲ್ಲಿ ಹೇಳಬಾರದು. ಇಷ್ಟರಿಂದ ಇಷ್ಟರವರೆಗೆ ಎನ್ನಬೇಕು, ಹಬ್ಬ ಬಂದರೆ ಇಳಿಯುತ್ತದೆ, ಹಬ್ಬ ಮುಗಿದರೆ ಏರುತ್ತದೆ. ವಿವರಣೆಯಲ್ಲಿ ಪೆಟ್ಟಿಗೆ ಕಳಿಸಿದ ಅಂಗಡಿಯ ಹೆಸರು, ಒಳಗಿನ ಸಾಮಾನಿನ ಪಟ್ಟಿ, ಎಣಿಕೆ ಸಮೇತ. ನೂರು ಅಕ್ಷರಕ್ಕಿಂತ ಹೆಚ್ಚಿಗೆ ಶೀರ್ಷಿಕೆ ಒಪ್ಪುವುದಿಲ್ಲವೆಂದು ಯೂಟ್ಯೂಬು ಹೇಳಿದಾಗ, “ಇವರಿಗೆ ವರದಿ ಬರೆಯೋದೇ ಗೊತ್ತಿಲ್ಲ” ಎಂದು ಬೈದಿದ್ದರು.

ಆ ಸಲ ಬಂದದ್ದು ಗಿರಣಿ ಪ್ಲಸ್ ಎಂಬ ಮಿಕ್ಸಿ, ಏಳುನೂರೈವತ್ತು ವ್ಯಾಟಿನದು. ಪೆಟ್ಟಿಗೆಯ ಮೇಲೆ ಮಿಕ್ಸಿಯ ಸುತ್ತ ನಾಲ್ಕು ಜಾರುಗಳು ನಿಂತ ಬಣ್ಣದ ಚಿತ್ರ. ನಾಣಿಯವರು ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಮಿಕ್ಸಿ ಒಂದು. ದೊಡ್ಡ ಜಾರು ಒಂದು, ಮಧ್ಯದ್ದು ಒಂದು, ಚಟ್ನಿ ಜಾರು ಒಂದು. ಮುಚ್ಚಳ ಮೂರು, ಚಮಚ ಒಂದು, ಕೈಪಿಡಿ, ಗ್ಯಾರಂಟಿ ಕಾರ್ಡು. ಹಣ್ಣಿನ ರಸದ ಜಾರು ಇಲ್ಲ! ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಬಡಿದರು. ಥರ್ಮೊಕೋಲಿನ ಚೂರು ಬಿತ್ತು.

ನಿವೃತ್ತಿಯಾದಾಗಿನಿಂದ ಅಷ್ಟು ಸಂತೋಷ ಅವರಿಗೆ ಆಗಿರಲಿಲ್ಲ.

“ರೀ, ಪಕ್ಕದಲ್ಲಿ ಚೀಟಿ ಅಂಟ್ಸಿದಾರೆ, ಮೂರೇ ಅಂತಿದೆ ನೋಡಿ” ಎಂದರು ಮೊಬೈಲಿನ ಹಿಂದಿನಿಂದ ವತ್ಸಲಾ.

“ಸುಮ್ನಿರೇ, ರೆಕಾರ್ಡ್ ಆಗ್ತಿದೆ.”

ಅವರ ಮಟ್ಟಿಗೆ ಡ್ರಾಯಿಂಗ್ ಎಂದರೆ ವೇದ. ಕಾರ್ಖಾನೆಯಲ್ಲಿ ಪೆಟ್ಟಿಗೆಯ ಮೇಲಿನ ಚೀಟಿ ಓದುವುದು ಸ್ಟೋರಿನ ಬಸಲಿಂಗನ ಕೆಲಸವಾಗಿತ್ತು. ಅವನು ಓದಿ, ಇದು ಇಂಥ ಮಾಲು ಎಂದು ಸರಿಯಾದ ಡ್ರಾಯಿಂಗನ್ನು ತಂದು ಇವರ ಮೇಜಿನ ಮೇಲಿಡುತ್ತಿದ್ದ. ಮೂವತ್ತೊಂದು ವರ್ಷ ನಾಣಿ ಒಂದೇ ಒಂದು ಚೀಟಿ ಓದಿರಲಿಲ್ಲ. ಇಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರವನ್ನೇ ಡ್ರಾಯಿಂಗ್ ಎಂದುಕೊಂಡರು. ಶೀರ್ಷಿಕೆ ಬರೆದರು: ‘ಗಿರಣಿ ಪ್ಲಸ್ ಮಿಕ್ಸಿ, 750 ವ್ಯಾಟ್, 4 ಜಾರ್, ₹3,900–4,400: ಪೆಟ್ಟಿಗೆಯಲ್ಲಿ ಒಂದು ಜಾರ್ ನಾಪತ್ತೆ!’ ಕೊನೆಗೆ ಒಂದು ಆಶ್ಚರ್ಯಸೂಚಕವನ್ನೂ ಹಾಕಿದರು. ಅಲ್ಲಿಯವರೆಗಿನ ಅವರ ಯಾವ ವರದಿಯಲ್ಲೂ ಅದು ಇರಲಿಲ್ಲ.

ಮೂರು ದಿನದಲ್ಲಿ ಹನ್ನೊಂದು ಸಾವಿರ ಜನ ನೋಡಿದರು. ನಾಣಿಯವರು ಶೇವ್ ಮಾಡಿಕೊಂಡು ತರಕಾರಿ ತರಲು ಹೋಗತೊಡಗಿದರು, ಯಾರಾದರೂ ಗುರುತು ಹಿಡಿದರೆ ಎಂದು.

ಗುರುತು ಹಿಡಿದದ್ದು ಬಸಕ್ಕ. ನಾಲ್ಕನೆಯ ದಿನ ಮುನಿಕೃಷ್ಣ ಫೋನಿನಲ್ಲಿ “ಈಗ್ಲೇ ಬನ್ನಿ ಸಾರ್” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಾಣಿ, ವತ್ಸಲಾ ಇಬ್ಬರೂ ಹೋದರು. ಅಂಗಡಿಯಲ್ಲಿ ಐದು ಮನೆಯವರು ಗಿರಣಿ ಪ್ಲಸ್ ಪೆಟ್ಟಿಗೆಗಳ ಸಮೇತ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಹತ್ತಿರದ ವಠಾರದಲ್ಲಿ ಬಾಡಿಗೆಗಿದ್ದ ಬಸಕ್ಕ.

“ಇವ್ರಽ ನೋಡ್ರಿ ವಿಡಿಯೋದಾಗಿನ ಯಜಮಾನ್ರು! ಹೇಳ್ರಿ ಸಾಹೇಬ್ರ, ನಮ್ಮ ನಾಕನೇ ಜಾರ್ ಈ ಅಂಗಡ್ಯಾವ ನುಂಗ್ಯಾನೋ ಇಲ್ಲೋ?”

“ಹದಿನೆಂಟು ವರ್ಷದಿಂದ ಅಂಗಡಿ ನಡೆಸ್ತಿದೀನಿ ಸಾರ್” ಎಂದ ಮುನಿಕೃಷ್ಣ. ಕೋಪಕ್ಕಿಂತ ಅಳುವೇ ಅವನ ದನಿಯಲ್ಲಿ ಹೆಚ್ಚಿತ್ತು. “ಇವತ್ತು ಕಳ್ಳ ಅನ್ನಿಸ್ಕೊಂಡೆ. ಆ ಚಿತ್ರದ ಪೆಟ್ಟಿಗೆ ಎರಡು ಮಾದರಿಗೂ ಒಂದೇ ಸಾರ್. ಕಂಪನಿಯೋರು ಒಂದೇ ಥರ ಅಚ್ಚು ಹಾಕ್ಸಿ, ಯಾವುದು ಮೂರು ಜಾರ್‌ದು, ಯಾವುದು ನಾಕರದು ಅಂತ ಪಕ್ಕದಲ್ಲಿ ಚೀಟಿ ಅಂಟಿಸ್ತಾರೆ. ನಾನು ನಿಮಗೆ ಕಳ್ಸಿದ್ದು ಮೂರರದು. ಇವರೆಲ್ಲ ತಗೊಂಡಿದ್ದೂ ಮೂರರದು!”

ನಾಣಿಯವರು ಬಸಕ್ಕನ ಪೆಟ್ಟಿಗೆಯನ್ನು ತಿರುಗಿಸಿದರು. ಕನ್ನಡಕ ಏರಿಸಿ ಓದಿದರು. ಮಾದರಿ: ಮೂರು ಜಾರ್. ಒಳಗಿರುವುದು: ಮಿಕ್ಸಿ 1, ಜಾರ್ 3. ಕೆಳಗೆ ತಯಾರಾದ ತಿಂಗಳು, ಗರಿಷ್ಠ ಬೆಲೆ. ಸಣ್ಣ ಅಕ್ಷರವೂ ಅಲ್ಲ. ಅವರಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ರಿಜೆಕ್ಟ್ ಆಗಬೇಕಾದ ಮಾಲು ತಾವೇ!

“ತಾಯಿ, ತಪ್ಪು ನಂದು” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಇವರದ್ದೇನೂ ಇಲ್ಲ. ನಾನು ಚೀಟಿ ಓದ್ಲಿಲ್ಲ.” ಐದೂ ಪೆಟ್ಟಿಗೆಗಳ ಚೀಟಿಯನ್ನು ಬೆರಳಿಟ್ಟು ಓದಿ ತೋರಿಸಿದರು. ಬಸಕ್ಕ ತನ್ನ ಮೂರು ಜಾರನ್ನು ಮತ್ತೊಮ್ಮೆ ಎಣಿಸಿ, “ಹಂಗಾರ ನಂದು ಬರೋಬ್ಬರಿ ಐತ್ರಿ. ಈ ಬಿಸಲಾಗ ಹೊತ್ಕೊಂಡ್ ಬಂದಿದ್ದಷ್ಟ ದಂಡ” ಎಂದು ಪೆಟ್ಟಿಗೆ ತಲೆಮೇಲೆ ಇಟ್ಟುಕೊಂಡು ಹೊರಟಳು.

“ಆ ವಿಡಿಯೋ ಅಳಿಸ್ಬಿಡಿ” ಎಂದ ಮುನಿಕೃಷ್ಣ. “ಅದು ಸರಿಯಾಗೋ ತನಕ ನನ್ನ ಅಂಗಡಿಯಿಂದ ಒಂದು ಚಮಚದ ಪೆಟ್ಟಿಗೆನೂ ಬರಲ್ಲ.”

“ಅಳ್ಸಲ್ಲ ಕಣಪ್ಪ. ಹನ್ನೊಂದು ಸಾವಿರ ಜನ ನಿನ್ನ ಕಳ್ಳ ಅಂದ್ಕೊಂಡಿದಾರೆ. ಅಳಿಸಿದ್ರೆ ನೀನಲ್ಲ ಅಂತ ಅವರಿಗೆ ಹೇಳೋರು ಯಾರು?”

ಮನೆಗೆ ಬಂದವರೇ ಚಪ್ಪಲಿ ಬಿಟ್ಟು ನೇರ ಮೇಜಿಗೆ ಕೂತರು. ಹೊಸ ಶೀರ್ಷಿಕೆ: ‘ಗಿರಣಿ ಪ್ಲಸ್ ಮಿಕ್ಸಿ, 750 ವ್ಯಾಟ್, 3 ಜಾರ್ ಮಾದರಿ, ₹3,200–3,600: ಜಾರ್ ಸರಿಯಿದೆ, ನಾನು ತಪ್ಪಿದೆ’. ಆಶ್ಚರ್ಯಸೂಚಕ ಇಲ್ಲ. ವಿವರಣೆಯನ್ನು ಒತ್ತಿ ಬಿಚ್ಚದವರಿಗೆ ಅದರ ಮೊದಲ ಎರಡು ಸಾಲು ಮಾತ್ರ ಕಾಣುತ್ತದೆ. ಹಾಗಾಗಿ ತಿದ್ದುಪಡಿ, ಅಂಗಡಿಯವನಲ್ಲಿ ಕೇಳಿದ ಕ್ಷಮೆ ಎರಡನ್ನೂ ಅಲ್ಲೇ ಇಟ್ಟರು. ಆಮೇಲೆ ಪಟ್ಟಿ, ಎಣಿಕೆ ಸಮೇತ. ಆಮೇಲೆ ಒಂದು ಸೂಚನೆ: ಚಿತ್ರ ನಂಬಬೇಡಿ, ಚೀಟಿ ಓದಿ. ಆದರೆ ವಿಡಿಯೋದೊಳಗೆ ತಾವು ಆಡಿದ ಮಾತನ್ನು ತಿದ್ದುವಂತಿರಲಿಲ್ಲ. ಅದನ್ನು ಮತ್ತೆ ಹಾಕಿ ಕೇಳಿದರು. ತಮ್ಮ ಜಂಬದ ದನಿಯ ಹಿಂದೆ ಇನ್ನೊಂದು ದನಿ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ ತಾವು ಗದರಿದ್ದೂ ಕೇಳಿಸಿತು.

ವತ್ಸಲಾ ಅಡುಗೆಮನೆಯಲ್ಲಿದ್ದರು. ಅಂಗಡಿಯಲ್ಲೂ, ದಾರಿಯಲ್ಲೂ ‘ನಾನು ಆವತ್ತೇ ಹೇಳಿದ್ದೆ’ ಎಂದು ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ನಾಣಿಯವರಿಗೆ. ಅವರು ವಿವರಣೆಯ ಕೊನೆಗೆ ಬರೆದರು: ‘ನಾಲ್ಕನೇ ನಿಮಿಷದಲ್ಲಿ ಕೇಳಿಸುವ ಹೆಂಗಸಿನ ಮಾತೇ ಸರಿ. ಅವರು ನನ್ನ ಹೆಂಡತಿ ವತ್ಸಲಾ.’

ಮರುದಿನ ಮಧ್ಯಾಹ್ನ ಮುನಿಕೃಷ್ಣನ ಅಂಗಡಿಯ ಆಟೋದಲ್ಲಿ ಕುಕ್ಕರಿನ ಪೆಟ್ಟಿಗೆಯೊಂದು ಬಂತು. ನಾಣಿಯವರು ಓಡಿಹೋಗಿ ಇಳಿಸಿಕೊಂಡರು, ಈ ಸಲ ಮೊದಲು ಪಕ್ಕಕ್ಕೆ ತಿರುಗಿಸಿದರು. ಕಂಪನಿಯ ಚೀಟಿಯ ಕೆಳಗೆ ಮುನಿಕೃಷ್ಣ ದಪ್ಪ ಮಾರ್ಕರಿನಲ್ಲಿ ಬರೆದಿದ್ದ: ‘ವತ್ಸಲಾ ಮೇಡಂ ಅವರೇ ಬಿಚ್ಚತಕ್ಕದ್ದು. ಸಾರ್ ಮೊಬೈಲ್ ಹಿಡಿಯಲಿ.’

ಅವರು ಅದನ್ನು ಎರಡು ಸಲ ಓದಿದರು. ಆಕ್ಷೇಪಣೆ ಎತ್ತಲು ಒಂದು ಕಾರಣವೂ ಸಿಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹೆಂಡತಿಯನ್ನು ಕರೆದು, ಮೊಬೈಲು ಕೈಗೆತ್ತಿಕೊಂಡರು.