ಪಂಪಿನೊಳಗಿನ ಜಲ್ಲಿ ಮತ್ತು ನನ್ನ ಮೊಮ್ಮಗಳ ಕನ್ನಡ

ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು, ಕೊಟ್ಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಲೇ ಮುದುಕನಾದವನು. ಇಂಥವನಿಗೆ ಇಂಥ ಮೊಮ್ಮಗಳು ಹೆಂಗ ಹುಟ್ಟಿದಳು ಅಂತ ಊರವರು ಕೇಳುತ್ತಾರೆ. ಅಜ್ಜಿ ಕಡೆಯ ಬುದ್ಧಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಂಬತ್ತರ ದಶಕದ ಮಾತು. ಮೊಮ್ಮಗಳು ಬಳ್ಳಾರಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದಳು. ಕೂಡ್ಲಿಗಿಯಲ್ಲಿ ನಮ್ಮಂಥ ಮೆಕ್ಯಾನಿಕ್‌ಗಳಿಗೆ ಒಬ್ಬ ಇಂಜಿನಿಯರು ಉಪನ್ಯಾಸ ಕೊಡುವುದಿತ್ತು. ಅವರಿಗೆ ಕನ್ನಡ ಬಾರದು, ನಮಗೆ ಇಂಗ್ಲಿಷ್ ಬಾರದು. ಹಿಂದಿನ ಸಲ ಒಬ್ಬ ಮೇಷ್ಟ್ರು ನಡುವೆ ನಿಂತು ಇಂಗ್ಲಿಷ್ ಮಾತಿಗೆಲ್ಲ ಅದೇನೋ ಕನ್ನಡ ಹೇಳಿದ್ದರು, ನಾವೆಲ್ಲ ಅರ್ಧಕ್ಕೇ ಎದ್ದು ಚಾ ಕುಡಿಯಲು ಹೋಗಿದ್ದೆವು. ಮೊದಲು ಎದ್ದವನು ನಾನೇ. ಈ ಸಲ ಆ ಜಾಗದಲ್ಲಿ ನನ್ನ ಮೊಮ್ಮಗಳು. ಮಂದಿ ಎದ್ದು ಹೋದರೆ ಅವಳ ಮಾನ ಹೋದಂಗ.

ಇಂಜಿನಿಯರು ಭಾಷಣದ ಕಾಗದ ಮೊದಲೇ ಕಳಿಸಿದ್ದರು. ಅವಳು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೆರೆ ಹೊಡೆದಳು: ಇಂಗ್ಲಿಷ್ ಪದ, ನಿಘಂಟಿನ ಪದ, ತಾತನ ಪದ.

"ತಾತಾ, ಪಂಪಿನೊಳಗ ತಿರುಗೋ ಚಕ್ರಕ್ಕ, ಇಂಪೆಲ್ಲರ್‌ಗೆ ಏನಂತೀರಿ?"

"ಇಂಪೆಲ್ಲರ್."

"ಬಾವ್ಯಾಗ ಪೈಪಿನ ತುದಿಗಿರೋ ಫುಟ್‌ವಾಲ್‌ಗೆ?"

"ಫುಟ್‌ವಾಲ್. ಇನ್ನೇನು, ಪಾದಕವಾಟ ಅನ್ನಲೇನು?"

ಅವಳು ನಿಘಂಟಿನ ಸಾಲನ್ನೇ ನೋಡಿ ನಕ್ಕಳು. ಅಲ್ಲಿ ಹತ್ತಿರ ಹತ್ತಿರ ಅದೇ ಇತ್ತು. ಅಡ್ಡ ಗೆರೆ ಎಳೆದು ಬಿಟ್ಟಳು. ಅಂಗಡಿಯಲ್ಲಿ ನಡೆಯುವ ಪದ ಹಂಗೇ ಇರಲಿ, ನಡೆಯದ ಪದಕ್ಕೆ ಬಿಡಿಸಿದ ಮಾತು ಅಂತ ನಿಯಮ ಮಾಡಿಕೊಂಡಳು.

"ಪಂಪು ಕರಕರ ಅಂದ್ರ?"

"ಜಲ್ಲಿ ಅಗೀತೈತಿ ಅಂತೀವಿ. ಬಾವ್ಯಾಗಿನ ಉಸುಕು ಬಂದು ಇಂಪೆಲ್ಲರ್ ತಿಂದಿರತೈತಿ. ಮೂವತ್ತು ವರ್ಷದಿಂದ ನೋಡೀನಿ."

ಏನೋ ಹೇಳಲು ಹೋದವಳು ಅದನ್ನೇ ತಾತನ ಸಾಲಿನಲ್ಲಿ ಬರೆದುಕೊಂಡಳು.

ಆಮೇಲೆ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಓರೆಗೆರೆ. ಇಂಜಿನಿಯರರನ್ನು ಎಲ್ಲಿ ತಡೆದು ಕನ್ನಡ ಹೇಳಬೇಕು ಅಂತ ಗುರುತು. ತಾಲೀಮಿಗೆ ನಾನೇ ಕೇಳುವ ಮಂದಿ. ಒಂದು ತುಂಡು ಇಂಗ್ಲಿಷ್ ಓದಿ, "ಮೋಟರ್ ಚಾಲೂ ಮಾಡ್ರಿ" ಅಂದಳು. ನಾನು ಮುಂದಿದ್ದ ಪಂಪಿನ ಸ್ಟಾರ್ಟರ್ ಹಂಗೇ ಒತ್ತಿದೆ. ಒಣ ಪಂಪು ಕಿರಚಿತು.

"ಅಯ್ಯೋ ತಾತಾ! ಪಂಪಿನ ಕೇಸಿಂಗ್ ತುಂಬ ನೀರು ಹಾಕಿದ ಮ್ಯಾಲೆ!"

"ಮೊದಲು ಹೇಳಬೇಕಿಲ್ಲೇನವ್ವಾ?"

"ಇಂಗ್ಲಿಷ್‌ನಾಗ ಅದು ಹಿಂದಾಗಡೆ ಬರತೈತಿ!"

"ಅದಕ್ಕ ಬಿಳಿಯರು ಹಡಗು ಹತ್ತಿ ಹೋದ್ರು" ಅಂದೆ. ಒಳಗಿನಿಂದ ನನ್ನ ಹೆಂಡತಿ, "ನಿನ್ನ ಪಂಪಿಗಿಂತ ನಿನ್ನ ಬಾಯಿ ಕೆಟ್ಟೈತಿ" ಅಂದಳು.

ಆದರೆ ಮೊಮ್ಮಗಳು ನಗಲಿಲ್ಲ. ಕೆಂಪು ಪೆನ್ನು ಹಿಡಿದು 'ಆದಮೇಲೆ', 'ಹೊರತು', 'ಅಲ್ಲ' ಅನ್ನುವ ಅರ್ಥದ ಇಂಗ್ಲಿಷ್ ಪದಗಳಿಗೆಲ್ಲ ಸುತ್ತು ಹಾಕಿದಳು. ಗೆರೆಗಳನ್ನು ಅಳಿಸಿ ಅವುಗಳ ಆಚೆ ಎಳೆದಳು. ಅಂಥ ಪದ ಬರುವ ತನಕ ಬಾಯಿ ಬಿಡಬಾರದು, ಬಂದಮೇಲೆ ಅದನ್ನೇ ಮುಂದೆ ತಂದು ಹೇಳಬೇಕು.

ಕೂಡ್ಲಿಗಿಯಲ್ಲಿ ಇಂಜಿನಿಯರು ಒಂದೊಂದು ತುಂಡು ಹೇಳಿ ನಿಲ್ಲುತ್ತಿದ್ದರು. ಮೊಮ್ಮಗಳ ಕನ್ನಡ ನೀರು ಹರಿದಂಗ. ನಾನು ಅಕ್ಕಪಕ್ಕದವರ ತೊಡೆ ಚಿವುಟುತ್ತಿದ್ದೆ, ನೋಡ್ರಿ ನಮ್ಮ ಹುಡುಗಿ ಅಂತ. ಅಷ್ಟರಲ್ಲಿ ಇಂಜಿನಿಯರು ಕಾಗದ ಬದಿಗಿಟ್ಟು, ಬಾಯಿಯಿಂದಲೇ ಕರಕರ ಸದ್ದು ಮಾಡಿ, ಉದ್ದ ಮಾತೊಂದು ಶುರು ಮಾಡಿ ನಡುವೆ ನಿಂತರು. ಇವಳು ಬಾಯಿ ಬಿಡಲಿಲ್ಲ.

"ಮರೆತಳು" ಅಂದರು ಹಗರಿಬೊಮ್ಮನಹಳ್ಳಿಯ ಮೇಸ್ತ್ರಿ ಸಾಬರು. "ಏಳ್ರಿ, ಚಾ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದವು. ನಾನು ಪಕ್ಕದವನ ಅಂಗಿ ಜಗ್ಗಿ ಕೂಡಿಸಿದೆ. ಅವಳು ಮಾತ್ರ ಕೈಸನ್ನೆ ಮಾಡಿದಳು, ಮುಂದುವರಿಸ್ರಿ ಅಂತ. ಅವರು ಮುಗಿಸಿದರು. ಆಗ ಶುರು ಮಾಡಿದಳು:

"ಇದು ಉಸುಕಲ್ಲ. ಪಂಪು ಜಲ್ಲಿ ಅಗಿದಂಗ ಸದ್ದು ಬರತೈತಿ, ಎಲ್ಲಾರೂ ಬಾವ್ಯಾಗಿನ ಉಸುಕು ಅಂತೀರಿ. ಅಲ್ಲ. ಪಂಪು ನೀರಿಗಿಂತ ಬಾಳ ಮ್ಯಾಲೆ ಐತಿ ಅಂದ್ರ, ಎಳೆಯೋ ಕಡೆ ಒತ್ತಡ ಇಳೀತೈತಿ, ನೀರು ಕಾಯದೇ ಕುದ್ದು ಗುಳ್ಳಿ ಆಗತೈತಿ. ಆ ಗುಳ್ಳಿ ಒತ್ತಡ ಇರೋ ಕಡೆ ಹೋಗಿ ಒಡೆದು ಇಂಪೆಲ್ಲರ್ ತಿಂತಾವ. ಪಂಪು ಕೆಳಗಿಳಿಸ್ರಿ."

ಎದ್ದವರು ನಿಂತಲ್ಲೇ ನಿಂತರು. ಇಂಜಿನಿಯರ ಮಾತಿನಲ್ಲಿ 'ಉಸುಕು' ಮೊದಲು, 'ಅಲ್ಲ' ಕೊನೆಗೆ ಬಂದಿತ್ತಂತೆ; ಅವರು ನಡುವೆ ನಿಂತಾಗಲೇ ಅವಳು 'ಉಸುಕು' ಅಂದುಬಿಟ್ಟಿದ್ದರೆ, ಎಲ್ಲರೂ ತಲೆಯಾಡಿಸಿ ಅದನ್ನೇ ಮನಿಗೆ ಒಯ್ಯುತ್ತಿದ್ದರು. ಸಾಬರು ನನ್ನ ಕಡೆ ತಿರುಗಿದರು.

"ಯಾಕಲೇ, ಉಸುಕು ಅಂತ ನನಗ ಕಲಿಸಿದಾವ ನೀನೇ ಅಲ್ಲೇನು?"

ಮೊಮ್ಮಗಳಿಗೆ ಕೇಳಿಸಿತು. "ಸದ್ದಿನ ಹೆಸರು ತಾತಂದೇ ರೀ. ಕಾರಣ ಮಾತ್ರ ತಪ್ಪು."

ಸಭೆ ಬಿದ್ದು ಬಿದ್ದು ನಕ್ಕಿತು. ಮೂವತ್ತು ವರ್ಷದ ನನ್ನ ಮೇಸ್ತ್ರಿಕಿ ಒಂದೇ ತುಂಡಿನಲ್ಲಿ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ಕಣ್ಣಲ್ಲಿ ನೀರು ಬರುವಷ್ಟು. ಒಬ್ಬರೂ ಚಾಕ್ಕೆ ಹೋಗಲಿಲ್ಲ. ಸಾಬರು ಕುರ್ಚಿ ಎಳೆದುಕೊಂಡು ಮುಂದಿನ ಸಾಲಿಗೇ ಬಂದು, "ಇನ್ನೊಂದು ಸಲ ಹೇಳವ್ವಾ, ಪಂಪು ಎಷ್ಟು ಕೆಳಗ ಇಳಿಸಬೇಕು?" ಅಂದರು.