ಒಂದೇ ರೀಲು, ಎರಡು ಪುಟ

ಜ್ಯೋತ್ಸ್ನಾ ಧಾರವಾಡದ ಕಡೆಯವಳು. ಗಂಡ ಮರಾಠಿ ನಾಡಿನ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಲ್ಲೇ ಹತ್ತಿರದ ಪಂಚವಟಿಯ ಮನೆಯಲ್ಲಿ ಹದಿನೆಂಟು ವರ್ಷದಿಂದ ಕಸೂತಿ ಕಲಿಸುತ್ತಿದ್ದಳು. ಅವಳ ಶಿಷ್ಯೆ ರುಚಿತಾ ಮದುವೆಯಾಗಿ ಸಂಭಾಜಿನಗರ ಸೇರಿ, ಇನ್‌ಸ್ಟಾಗ್ರಾಮಿನಲ್ಲಿ ಸೀರೆಗಳ ಪುಟ ನಡೆಸಿ ನಲವತ್ತು ಸಾವಿರ ಜನರನ್ನು ಕಲೆಹಾಕಿದ್ದಳು. ಜ್ಯೋತ್ಸ್ನಾಳ ಪುಟಕ್ಕಿದ್ದವರು ನೂರಾ ಹನ್ನೆರಡು.

ದೀಪಾವಳಿಗೆ ಬಂದ ರುಚಿತಾ, ತಾನು ‘ಕಾಕು’ ಎಂದು ಕರೆಯುವ ಜ್ಯೋತ್ಸ್ನಾ ಕಸೂತಿಯಲ್ಲಿ ಗೋಪುರದ ಚಿತ್ತಾರ ಹೊಲಿಯುವುದನ್ನು ಚಿತ್ರೀಕರಿಸಿಕೊಂಡು ಹೋದಳು. ಮೂರನೆಯ ದಿನ ಜ್ಯೋತ್ಸ್ನಾಳ ಮೊಬೈಲಿಗೆ, ರೀಲನ್ನು ಇಬ್ಬರ ಹೆಸರಲ್ಲೂ ತೋರಿಸುವ ‘ಕೊಲ್ಯಾಬ್’ ಆಹ್ವಾನ ಬಂತು. ಮಗಳು ಅಶ್ವಿನಿ ಒಪ್ಪಿಗೆ ಒತ್ತಿಕೊಟ್ಟಳು. ರೀಲು ತಾಯಿಯ ಪುಟದಲ್ಲೂ ಕಾಣಿಸಿತು, ಮೇಲೆ ಇಬ್ಬರ ಹೆಸರೂ ಇತ್ತು. ವಾರದೊಳಗೆ ಅರವತ್ತೆರಡು ಸಾವಿರ ಜನ ನೋಡಿದರು.

“ಅಂದ್ರ ಅದರಾಗ ನನ್ನ ಪಾಲು ಎಷ್ಟು?”

“ಪಾಲಿಲ್ಲವ್ವ. ಪೋಸ್ಟ್ ಒಂದೇ. ಯಾರ ಪುಟದಾಗ ನೋಡಿದ್ರೂ, ಲೈಕ್ ಒತ್ತಿದ್ರೂ ಒಂದೇ ಲೆಕ್ಕಕ್ಕ ಕೂಡ್ತದ. ಇಬ್ಬರಿಗೂ ಅದೇ ನಂಬರ್ ಕಾಣ್ತದ.”

ಆದರೆ ಕಮೆಂಟುಗಳೆಲ್ಲ “ರುಚಿತಾ ಅಕ್ಕಾ, ಏನು ಕೈ ನಿಮ್ಮದು!” ಎಂದೇ. ಕೆಳಗಿನ ಬರಹ ಓದಿದಾಗ ಕಾರಣ ತಿಳಿಯಿತು: ‘ನನ್ನ ಕಸೂತಿ, ನನ್ನ ಪ್ರೀತಿ.’ ಕೈಗಳಷ್ಟೇ ಕಾಣುವ ರೀಲು, ಅವು ಯಾರವೆಂದು ಯಾರಿಗೆ ಗೊತ್ತು? ಜ್ಯೋತ್ಸ್ನಾಳ ಮುಖ ಬಾಡಿತು.

“ನನ್ನ ಹೆಸರು ತಗದುಬಿಡು.”

“ತಗದ್ರ ನಿನ್ನ ಪುಟದಿಂದ ಅಷ್ಟೇ ಹೋಗ್ತದ. ರೀಲು, ಲೈಕು ಎಲ್ಲಾ ಆಕಿ ಹತ್ರ ಉಳೀತದ. ಬರಹ ಬದಲಿ ಮಾಡಾಕೂ ಹಾಕಿದಾಕಿಗೇ ಬರ್ತದ.”

ಎರಡು ದಿನ ಅವಳು ಸೂಜಿ ಹಿಡಿಯಲಿಲ್ಲ. ಸಿಟ್ಟು ಬಂದದ್ದು ಲೈಕಿಗಾಗಿಯೋ, ಇಲ್ಲ ಈ ಹುಡುಗಿಗೆ ಮೊದಲ ಎಳೆ ಎಣಿಸಲು ಕಲಿಸಿದ್ದು ತಾನೆಂಬುದಕ್ಕೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಪೂರ್ತಿ ಸಿಗದಿದ್ದರೂ ಫೋನ್ ಮಾಡಿದಳು.

“ರುಚಿತಾ, ಆ ಕೈ ಯಾರವು ಅಂತ ಬರಿಯವಾ.”

“ಕಾಕು, ಮೇಲೆ ಇಬ್ಬರ ಹೆಸರು ಅದ ಅಲ್ಲರಿ, ಸಾಕು ಅನ್ಕೊಂಡೆ. ಚೂಕ್ ಝಾಲಿ, ನನ್ನದ ತಪ್ಪು.”

ಸಂಜೆಯೊಳಗೆ ರುಚಿತಾ ಬರಹ ತಿದ್ದಿದಳು: ‘ನನ್ನ ಗುರು ಜ್ಯೋತ್ಸ್ನಾಕಾಕು ಅವರ ಕೈ.’ ಅಷ್ಟರಲ್ಲಿ ನೋಡುವವರು ನೋಡಿ ಮುಂದೆ ಹೋಗಿದ್ದರು.

ಮುಂದಿನ ರೀಲನ್ನು ಜ್ಯೋತ್ಸ್ನಾ ತನ್ನ ಪುಟದಿಂದಲೇ ಹಾಕಿ, ರುಚಿತಾಳಿಗೆ ಕೊಲ್ಯಾಬ್ ಆಹ್ವಾನ ಕಳಿಸಿದಳು. ಆಕೆ ಕೂಡಲೇ ಒಪ್ಪಿಕೊಂಡಳು. ಒಂಬತ್ತೇ ಸಾವಿರ ಜನ ನೋಡಿದರು. ಅವರಲ್ಲಿ ಹತ್ತಿರದ ಊರು ಸಿನ್ನರಿನ ಒಬ್ಬಾಕೆ ಮರಾಠಿಯಲ್ಲಿ, “ಎಲ್ಲಿ ಕಲಿಸ್ತೀರಿ?” ಎಂದು ಕೇಳಿದ್ದಳು. ಅಶ್ವಿನಿ ಮೊಬೈಲಿಗೆ ಕೈಚಾಚಿದಾಗ ಜ್ಯೋತ್ಸ್ನಾ ತಡೆದಳು. ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತುತ್ತ, ಪಂಚವಟಿಯ ತನ್ನ ಮನೆಯ ವಿಳಾಸ ಬರೆಯತೊಡಗಿದಳು.